ಒಂದು ಬಾಣ ತಲೆಕೆಳಗಾದಾಗ

ರಾಸಾಯನಿಕ ಕಾರ್ಖಾನೆಯ ನಕ್ಷೆಗಳಲ್ಲಿ ಎರಡು ಬಗೆಯ ಬಾಣಗಳು ಕಾಣಸಿಗುತ್ತವೆ. ಒಂದು ಪೈಪಿನ ಗೆರೆಯ ಮೇಲೆಯೇ ಇರುತ್ತದೆ. ಒಳಗಿನ ದ್ರವ ಅಥವಾ ಅನಿಲ ಯಾವ ಕಡೆಗೆ ಹರಿಯುತ್ತದೆ ಎಂದು ಅದು ತೋರಿಸುತ್ತದೆ. ಇನ್ನೊಂದು ತೀರ ಚಿಕ್ಕದು. ಅದು ವಾಲ್ವಿನ ಚಿಹ್ನೆಯ ಮೇಲಿನ ಸಣ್ಣ ಲಂಬಗೆರೆಗೆ ಅಂಟಿಕೊಂಡಿರುತ್ತದೆ. ವಾಲ್ವನ್ನು ನಡೆಸುವ ಗಾಳಿ ಇಲ್ಲವಾದರೆ ಅದು ತೆರೆದುಕೊಳ್ಳುತ್ತದೋ ಮುಚ್ಚಿಕೊಳ್ಳುತ್ತದೋ ಎಂಬುದನ್ನು ಈ ಚಿಕ್ಕ ಬಾಣ ಹೇಳುತ್ತದೆ. ಮೊದಲನೆಯ ಬಾಣ ತಪ್ಪಾಗಿದ್ದರೆ ಘಟಕ ಓಡತೊಡಗಿದ ಸ್ವಲ್ಪ ಹೊತ್ತಿಗೇ ಯಾರಾದರೂ ಅದನ್ನು ಗಮನಿಸುತ್ತಾರೆ. ಎರಡನೆಯದು ತಪ್ಪಾಗಿದ್ದರೆ ವರ್ಷಗಟ್ಟಲೆ ಯಾರ ಕಣ್ಣಿಗೂ ಬೀಳದಿರಬಹುದು. ಶಟ್‌ಡೌನ್ ಮುಗಿದು ಘಟಕ ಮತ್ತೆ ಶುರುವಾಗುವ ಮುನ್ನ ಎಂಜಿನಿಯರ್ ಒಬ್ಬರು ಈ ಎರಡನೆಯ ಬಾಣವೊಂದು ತಲೆಕೆಳಗಾಗಿರುವುದನ್ನು ಹೇಗೆ ಕಂಡುಹಿಡಿಯುತ್ತಾರೆ, ಕಾಣದೆ ಹೋಗಿದ್ದರೆ ಏನಾಗುತ್ತಿತ್ತು ಎಂಬುದೇ ಇಲ್ಲಿನ ವಿಷಯ.

ಈ ನಕ್ಷೆಯನ್ನು ಕಾರ್ಖಾನೆಯಲ್ಲಿ ಪಿ ಆ್ಯಂಡ್ ಐಡಿ ಎನ್ನುತ್ತಾರೆ. ಪೈಪಿಂಗ್ ಆ್ಯಂಡ್ ಇನ್‌ಸ್ಟ್ರುಮೆಂಟೇಷನ್ ಡಯಾಗ್ರಾಮ್ ಎಂಬುದರ ಮೊಟಕು ರೂಪ ಅದು. ಮನೆಯ ಪ್ಲ್ಯಾನಿನಂತೆ ಇದರಲ್ಲಿ ಅಳತೆಗಳಿರುವುದಿಲ್ಲ. ಯಾವ ಪಾತ್ರೆಯಿಂದ ಯಾವ ಪೈಪು ಎಲ್ಲಿಗೆ ಹೋಗುತ್ತದೆ, ನಡುವೆ ಯಾವ ವಾಲ್ವುಗಳಿವೆ, ಯಾವ ಮಾಪಕ ಯಾವ ವಾಲ್ವಿಗೆ ಆಜ್ಞೆ ಕೊಡುತ್ತದೆ ಎಂಬುದಷ್ಟೇ ಇರುತ್ತದೆ. ಚಿಹ್ನೆಗಳಿಗೆ ಅಮೆರಿಕದ ಐಎಸ್‌ಎ ಸಂಸ್ಥೆಯ 5.1 ಮಾನದಂಡ ಬಹಳ ಕಡೆ ಬಳಕೆಯಲ್ಲಿದೆ. ಅದರ ಪ್ರಕಾರ ವಾಲ್ವಿನ ಲಂಬಗೆರೆಯ ಮೇಲೆ ಬಾಣ ಮೇಲ್ಮುಖವಾಗಿದ್ದರೆ, ಅಂದರೆ ವಾಲ್ವಿನಿಂದ ದೂರಕ್ಕೆ ಮುಖ ಮಾಡಿದ್ದರೆ, ಗಾಳಿ ತಪ್ಪಿದಾಗ ವಾಲ್ವು ತೆರೆದುಕೊಳ್ಳುತ್ತದೆ. ಬಾಣ ಕೆಳಮುಖವಾಗಿ ವಾಲ್ವಿನ ಕಡೆ ನೋಡುತ್ತಿದ್ದರೆ ಮುಚ್ಚಿಕೊಳ್ಳುತ್ತದೆ. ಕೆಲವು ಕಂಪನಿಗಳು ಬಾಣದ ಬದಲು ಎಫ್‌ಓ, ಎಫ್‌ಸಿ ಎಂಬ ಅಕ್ಷರಗಳನ್ನು ಬರೆಯುತ್ತವೆ. ಎರಡನ್ನೂ ಹಾಕುವವರೂ ಇದ್ದಾರೆ. ಅದು ಒಳ್ಳೆಯ ರೂಢಿ, ಏಕೆಂದರೆ ಒಂದು ತಪ್ಪಿದರೆ ಇನ್ನೊಂದು ಅದರೊಡನೆ ಹೊಂದದೆ ಅನುಮಾನ ಹುಟ್ಟಿಸುತ್ತದೆ.

ವಾಲ್ವಿಗೆ ಇಂಥದೊಂದು ಸ್ವಭಾವ ಬರುವುದು ಅದರ ತಲೆಯ ಮೇಲಿರುವ ಸ್ಪ್ರಿಂಗಿನಿಂದ. ತಟ್ಟೆಯಾಕಾರದ ಡಬ್ಬಿಯೊಳಗೆ ರಬ್ಬರಿನ ಪೊರೆಯೊಂದು ಇರುತ್ತದೆ. ಪೊರೆಯ ಒಂದು ಬದಿಗೆ ಗಾಳಿಯ ಒತ್ತಡ, ಇನ್ನೊಂದು ಬದಿಗೆ ಸ್ಪ್ರಿಂಗು. ಗಾಳಿ ಪೊರೆಯನ್ನು ಒತ್ತಿದಾಗ ಅದಕ್ಕೆ ಜೋಡಿಸಿದ ಕಡ್ಡಿ ಒಂದು ಕಡೆಗೆ ಚಲಿಸುತ್ತದೆ. ಗಾಳಿ ಕಡಿಮೆಯಾದಾಗ ಸ್ಪ್ರಿಂಗು ಕಡ್ಡಿಯನ್ನು ವಾಪಸು ತಳ್ಳುತ್ತದೆ. ಕಂಟ್ರೋಲ್ ರೂಮಿನಿಂದ ಹೊರಡುವ ವಿದ್ಯುತ್ ಸಂಕೇತ ಎಷ್ಟು ಗಾಳಿ ಕೊಡಬೇಕೆಂದು ಹೇಳುತ್ತದೆ. ಗಾಳಿ ಪೂರ್ತಿ ಇಲ್ಲವಾದಾಗ ಮಾತ್ರ ಸ್ಪ್ರಿಂಗಿನ ಮಾತೇ ಕೊನೆಯ ಮಾತು. ಹೀಗಾಗಿ ಆ ಚಿಕ್ಕ ಬಾಣ ವಾಸ್ತವದಲ್ಲಿ ತೋರಿಸುವುದು ಸ್ಪ್ರಿಂಗಿನ ದಿಕ್ಕನ್ನು.

ಯಾವ ವಾಲ್ವಿಗೆ ಯಾವ ದಿಕ್ಕು ಎಂಬುದನ್ನು ವಿನ್ಯಾಸ ಮಾಡುವವರು ಒಂದೇ ಪ್ರಶ್ನೆ ಕೇಳಿಕೊಂಡು ತೀರ್ಮಾನಿಸುತ್ತಾರೆ: ಎಲ್ಲವೂ ಕೈಕೊಟ್ಟ ಗಳಿಗೆಯಲ್ಲಿ ಇದು ಹೇಗಿದ್ದರೆ ಅಪಾಯ ಕಡಿಮೆ? ಕುಲುಮೆಗೆ ಹೋಗುವ ಇಂಧನದ ವಾಲ್ವು ಮುಚ್ಚಿಕೊಳ್ಳಬೇಕು. ಬಿಸಿಯಾಗುವ ಪಾತ್ರೆಗೆ ತಣ್ಣೀರು ಕೊಡುವ ವಾಲ್ವು ತೆರೆದುಕೊಳ್ಳಬೇಕು. ಈ ಎರಡೂ ವಾಲ್ವುಗಳು ಒಂದೇ ಹಾಳೆಯ ಮೇಲೆ, ಬೆರಳಗಲ ಅಂತರದಲ್ಲಿ, ನೋಡಲು ಒಂದೇ ಥರ ಇರುತ್ತವೆ. ವ್ಯತ್ಯಾಸವೆಂದರೆ ಆ ಬಾಣ ಮಾತ್ರ.

ಇಂಥ ಘಟಕಗಳಲ್ಲಿ ಸಾಮಾನ್ಯವಾಗಿ ನಡೆಯುವುದನ್ನು ಸೇರಿಸಿ ಕಟ್ಟಿದ ಒಂದು ಪುಟ್ಟ ಕಥೆ ಇಲ್ಲಿದೆ. ಕಾರ್ಖಾನೆ ಕಲ್ಪಿತ, ಅದರೊಳಗಿನ ಲೆಕ್ಕ ಕಲ್ಪಿತವಲ್ಲ.

ಕಾರ್ಖಾನೆಯಲ್ಲಿ ಅವಳಿ ರಿಯಾಕ್ಟರುಗಳಿವೆ, ಎ ಮತ್ತು ಬಿ. ಒಂದೊಂದರಲ್ಲೂ 10,000 ಕಿಲೋ ದ್ರವ. ಅದಕ್ಕೆ ಇನ್ನೊಂದು ರಾಸಾಯನಿಕವನ್ನು ನಿಧಾನವಾಗಿ ಸೇರಿಸುತ್ತಾರೆ. ಸೇರಿದಂತೆಲ್ಲ ಕ್ರಿಯೆ ನಡೆದು ಶಾಖ ಹುಟ್ಟುತ್ತದೆ. ರಿಯಾಕ್ಟರಿನ ಸುತ್ತ ಜಾಕೆಟ್ ಇದೆ, ಅದರಲ್ಲಿ ತಣ್ಣೀರು ಹರಿದು ಶಾಖವನ್ನು ಹೊತ್ತೊಯ್ಯುತ್ತದೆ. ಕೆಲಸ ನಡೆಯುವುದು 80 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಉಷ್ಣತೆ 95 ಡಿಗ್ರಿ ಮುಟ್ಟಿದರೆ ಸುರಕ್ಷತಾ ವ್ಯವಸ್ಥೆ ತಾನಾಗಿ ಎರಡು ಕೆಲಸ ಮಾಡಬೇಕು: ರಾಸಾಯನಿಕ ಸೇರಿಸುವ ವಾಲ್ವನ್ನು ಮುಚ್ಚಬೇಕು, ತಣ್ಣೀರಿನ ವಾಲ್ವನ್ನು ಪೂರ್ತಿ ತೆರೆಯಬೇಕು. ಈ ಎರಡನ್ನೂ ಅದು ಮಾಡುವ ಕ್ರಮ ಬಹಳ ಸರಳ. ವಾಲ್ವುಗಳ ತಲೆಯಲ್ಲಿರುವ ಗಾಳಿಯನ್ನು ಹೊರಗೆ ಬಿಟ್ಟುಬಿಡುತ್ತದೆ. ಉಳಿದದ್ದನ್ನು ಸ್ಪ್ರಿಂಗು ನೋಡಿಕೊಳ್ಳುತ್ತದೆ.

ಶಟ್‌ಡೌನ್ ಸಮಯದಲ್ಲಿ ಬಿ ರಿಯಾಕ್ಟರಿನ ತಣ್ಣೀರಿನ ಹಳೆಯ ವಾಲ್ವು ಸೋರುತ್ತಿತ್ತೆಂದು ಅದನ್ನು ತೆಗೆದು ದೊಡ್ಡದೊಂದನ್ನು ಕೂರಿಸಿದರು. ಅದಕ್ಕಾಗಿ ನಕ್ಷೆಯನ್ನೂ ತಿದ್ದಬೇಕಾಯಿತು. ಕಂಪ್ಯೂಟರಿನಲ್ಲಿ ನಕ್ಷೆ ತಿದ್ದಿದವರು ಹೊಸ ಚಿಹ್ನೆಯನ್ನು ಮೊದಲಿನಿಂದ ಬರೆಯಲಿಲ್ಲ. ಪಕ್ಕದಲ್ಲಿದ್ದ ರಾಸಾಯನಿಕದ ವಾಲ್ವಿನ ಚಿಹ್ನೆಯನ್ನೇ ನಕಲು ಮಾಡಿ, ಇಲ್ಲಿ ತಂದು ಅಂಟಿಸಿ, ಅಳತೆ ಮತ್ತು ಸಂಖ್ಯೆ ಬದಲಿಸಿದರು. ಬಾಣ ಬದಲಾಗಲಿಲ್ಲ. ಅದು ಕೆಳಮುಖವಾಗಿಯೇ ಉಳಿಯಿತು.

ಮುಂದಿನದೆಲ್ಲ ಆ ನಕ್ಷೆಯನ್ನು ನಂಬಿ ನಡೆಯಿತು. ಖರೀದಿ ವಿಭಾಗ ನಕ್ಷೆ ನೋಡಿ ವಾಲ್ವಿನ ವಿವರಪಟ್ಟಿ ತಯಾರಿಸಿತು, ಅದರಲ್ಲಿ ಎಫ್‌ಸಿ ಎಂದು ಬರೆಯಿತು. ಸರಬರಾಜುದಾರರು ಅದರಂತೆಯೇ, ಗಾಳಿ ತಪ್ಪಿದರೆ ಮುಚ್ಚುವ ಸ್ಪ್ರಿಂಗು ಇರುವ ವಾಲ್ವು ಕಳಿಸಿದರು. ತಂತ್ರಜ್ಞರು ಅದನ್ನು ಸರಿಯಾಗಿ ಕೂರಿಸಿದರು. ಪರೀಕ್ಷೆ ಮಾಡುವವರು ಬಂದು ನಕ್ಷೆಯಲ್ಲಿರುವಂತೆಯೇ ವಾಲ್ವು ಇದೆಯೇ ಎಂದು ನೋಡಿ ಟಿಕ್ ಹಾಕಿದರು. ಯಾರೂ ಸುಳ್ಳು ಹೇಳಲಿಲ್ಲ, ಯಾರೂ ಕೆಲಸ ಕದಿಯಲಿಲ್ಲ. ನಕ್ಷೆ, ವಿವರಪಟ್ಟಿ, ವಾಲ್ವು, ಪರೀಕ್ಷಾ ವರದಿ ಈ ನಾಲ್ಕೂ ಒಂದಕ್ಕೊಂದು ಹೊಂದಿದವು. ನಾಲ್ಕೂ ತಪ್ಪಾಗಿದ್ದವು.

ಘಟಕವನ್ನು ಓಡಿಸಿ ನೋಡಿದರೆ ಗೊತ್ತಾಗುತ್ತಿರಲಿಲ್ಲವೇ ಎಂಬ ಪ್ರಶ್ನೆ ಇಲ್ಲಿ ಸಹಜ. ಗೊತ್ತಾಗುತ್ತಿರಲಿಲ್ಲ. ಈ ತಪ್ಪಿನ ಹೆದರಿಕೆ ಹುಟ್ಟಿಸುವ ಗುಣವೇ ಇದು. ಹಳೆಯ ವಾಲ್ವಿಗೆ ಗಾಳಿ ಹೆಚ್ಚಿಸಿದರೆ ಅದು ಮುಚ್ಚುತ್ತಿತ್ತು. ಹೊಸದಕ್ಕೆ ಗಾಳಿ ಹೆಚ್ಚಿಸಿದರೆ ತೆರೆಯುತ್ತದೆ. ಕಂಟ್ರೋಲ್ ವ್ಯವಸ್ಥೆಯನ್ನು ಹೊಂದಿಸುವ ತಂತ್ರಜ್ಞರು ಇದನ್ನು ಗಮನಿಸಿ, ರಿಯಾಕ್ಟರ್ ಬಿಸಿಯಾದಾಗ ಗಾಳಿ ಹೆಚ್ಚುವಂತೆ ಸೆಟ್ಟಿಂಗ್ ತಿರುಗಿಸಿರುತ್ತಾರೆ. ಅದು ಅವರ ದಿನನಿತ್ಯದ ಕೆಲಸ. ಆಮೇಲೆ ಉಷ್ಣತೆ ಏರಿದರೆ ನೀರು ಹೆಚ್ಚುತ್ತದೆ, ಇಳಿದರೆ ಕಡಿಮೆಯಾಗುತ್ತದೆ. ಪರದೆಯ ಮೇಲಿನ ಗೆರೆ 80 ಡಿಗ್ರಿಯಲ್ಲಿ ನೆಟ್ಟಗೆ ಸಾಗುತ್ತದೆ. ಹೊಸ ವಾಲ್ವು ದೊಡ್ಡದಾದ್ದರಿಂದ ಹಳೆಯದಕ್ಕಿಂತ ಚೆನ್ನಾಗಿಯೇ ಕೆಲಸ ಮಾಡುತ್ತಿದೆ ಎಂದೂ ಅನಿಸಬಹುದು. ಗಾಳಿ ಇರುವವರೆಗೆ ಬಾಣದ ದಿಕ್ಕು ಎಲ್ಲಿಯೂ ಕಾಣಿಸಿಕೊಳ್ಳುವುದಿಲ್ಲ.

ಪುನರಾರಂಭದ ಹಿಂದಿನ ಸಂಜೆ, ಕೊನೆಯ ಪರಿಶೀಲನೆಗೆ ಕೂತ ಪ್ರೋಸೆಸ್ ಎಂಜಿನಿಯರ್ ಬಿ ರಿಯಾಕ್ಟರಿನ ಹೊಸ ಹಾಳೆಯ ಪಕ್ಕದಲ್ಲಿ ಎ ರಿಯಾಕ್ಟರಿನ ಹಳೆಯ ಹಾಳೆಯನ್ನು ಹರಡಿಕೊಂಡರು. ತಿದ್ದಿದ ಜಾಗವನ್ನು ನಕ್ಷೆಯಲ್ಲಿ ಮೋಡದಂಥ ಅಂಚಿನ ಗೆರೆಯಿಂದ ಸುತ್ತುವುದು ವಾಡಿಕೆ. ಆ ಗೆರೆಯೊಳಗಿನದನ್ನು ಎ ಹಾಳೆಯ ಅದೇ ಜಾಗದೊಡನೆ ಒಂದೊಂದೇ ಹೋಲಿಸುತ್ತ ಬಂದರು. ಅಳತೆ ಬೇರೆ, ಅದು ಬೇಕೆಂದೇ ಮಾಡಿದ್ದು. ಸಂಖ್ಯೆ ಬೇರೆ, ಅದೂ ಸರಿ. ಎ ಹಾಳೆಯಲ್ಲಿ ಬಾಣ ಮೇಲಕ್ಕೆ, ಬಿ ಹಾಳೆಯಲ್ಲಿ ಕೆಳಕ್ಕೆ. ಅದಕ್ಕೆ ಕಾರಣ ಎಲ್ಲಿಯೂ ಬರೆದಿರಲಿಲ್ಲ.

ಎರಡು ಹಾಳೆಗಳು ಹೊಂದಲಿಲ್ಲ ಎಂದಷ್ಟೇ ಇದರಿಂದ ತಿಳಿಯಿತು. ಯಾವುದು ತಪ್ಪು ಎಂದು ತಿಳಿಯಬೇಕಾದರೆ ನಕ್ಷೆಗಿಂತ ಹಿಂದಕ್ಕೆ, ಯಾಕೆ ಹೀಗೆ ಎಂದು ಬರೆದಿಟ್ಟ ಜಾಗಕ್ಕೆ ಹೋಗಬೇಕು. ಅದು ಹ್ಯಾಜಾಪ್ ಅಧ್ಯಯನದ ಕಡತ. ಬ್ರಿಟನ್ನಿನ ಐಸಿಐ ಕಂಪನಿಯಲ್ಲಿ 1960ರ ದಶಕದಲ್ಲಿ ರೂಪುಗೊಂಡ ಪದ್ಧತಿಯಿದು. ಕೆಲವರು ಒಟ್ಟಿಗೆ ಕೂತು ನಕ್ಷೆಯ ಪ್ರತಿಯೊಂದು ಗೆರೆಗೂ ‘ಹರಿವು ನಿಂತರೆ?’, ‘ಹೆಚ್ಚಾದರೆ?’, ‘ಹಿಮ್ಮುಖವಾದರೆ?’ ಎಂದು ಕೇಳುತ್ತ ಹೋಗುತ್ತಾರೆ, ಉತ್ತರವನ್ನು ಬರೆದಿಡುತ್ತಾರೆ. ಬಿ ರಿಯಾಕ್ಟರಿನ ಜಾಕೆಟ್ ಪುಟದಲ್ಲಿ ‘ತಣ್ಣೀರು ನಿಂತರೆ’ ಎಂಬ ಸಾಲಿತ್ತು. ಕಾರಣ: ಗಾಳಿಯ ವೈಫಲ್ಯ. ರಕ್ಷಣೆ: ವಾಲ್ವು ತಾನಾಗಿ ತೆರೆದುಕೊಳ್ಳುತ್ತದೆ. ಹಾಗಾದರೆ ಹೊಸ ಬಾಣ ಸುಳ್ಳು. ಇನ್ನು ಉಳಿದದ್ದು ಹೊರಗೆ ಕೂತಿರುವ ವಾಲ್ವು. ಅದು ನಕ್ಷೆಯ ಮಾತು ಕೇಳಿದೆಯೋ ಕಡತದ ಮಾತು ಕೇಳಿದೆಯೋ ನೋಡಬೇಕಿತ್ತು.

“ಡ್ರಾಯಿಂಗಲ್ಲಿ ಇರೋ ಹಾಗೇ ಇದೆ ಮೇಡಂ, ನಾನೇ ಚೆಕ್ ಮಾಡಿದೀನಿ” ಎಂದರು ಇನ್‌ಸ್ಟ್ರುಮೆಂಟ್ ತಂತ್ರಜ್ಞರು.

“ಅದಕ್ಕೇ ಭಯ ಆಗ್ತಿರೋದು. ಒಂದ್ಸಲ ಗಾಳಿ ಬಿಟ್ಟು ನೋಡೋಣ ಬನ್ನಿ” ಎಂದರು ಎಂಜಿನಿಯರ್.

ಪರೀಕ್ಷೆಗೆ ಐದು ನಿಮಿಷ ಸಾಕಾಯಿತು. ಜಾಕೆಟ್ಟಿನಲ್ಲಿ ನೀರಿಲ್ಲ, ರಿಯಾಕ್ಟರ್ ಖಾಲಿ ಎಂದು ಖಚಿತ ಮಾಡಿಕೊಂಡು, ಕಂಟ್ರೋಲ್ ರೂಮಿನಿಂದ ವಾಲ್ವನ್ನು ಅರ್ಧ ತೆರೆಸಿದರು. ಆಮೇಲೆ ವಾಲ್ವಿನ ಹತ್ತಿರ ಗಾಳಿಯ ಪುಟ್ಟ ಕವಾಟವನ್ನು ಮುಚ್ಚಿ, ಫಿಲ್ಟರಿನ ಬುಡದ ತಿರುಪನ್ನು ಸಡಿಲಿಸಿದರು. ಉಳಿದ ಗಾಳಿ ಸಿಳ್ಳೆ ಹಾಕುತ್ತ ಹೊರಗೆ ಹೋಯಿತು. ಕಡ್ಡಿಯ ಪಕ್ಕದ ಪಟ್ಟಿಯ ಮೇಲೆ ಮುಳ್ಳು ಅರ್ಧದಿಂದ ಸೊನ್ನೆಯ ಕಡೆಗೆ ಸರಿದು ನಿಂತಿತು. ವಾಲ್ವು ಮುಚ್ಚಿತ್ತು.

ಆ ಮುಳ್ಳಿನ ಚಲನೆಯ ಅರ್ಥವನ್ನು ಲೆಕ್ಕ ಹಾಕಿ ನೋಡಬಹುದು. ಕ್ರಿಯೆಯಿಂದ 500 ಕಿಲೋವ್ಯಾಟ್ ಶಾಖ ಹುಟ್ಟುತ್ತಿದೆ ಎಂದುಕೊಳ್ಳೋಣ. ಒಂದು ಕಿಲೋ ದ್ರವವನ್ನು ಒಂದು ಡಿಗ್ರಿ ಬಿಸಿ ಮಾಡಲು 2 ಕಿಲೋಜೌಲ್ ಬೇಕು, ಸಾವಯವ ದ್ರವಗಳಿಗೆ ಇದು ಸಾಮಾನ್ಯ ಮೌಲ್ಯ. 10,000 ಕಿಲೋಗೆ 20,000 ಕಿಲೋಜೌಲ್ ಆಯಿತು. 500 ಕಿಲೋವ್ಯಾಟ್ ಎಂದರೆ ಸೆಕೆಂಡಿಗೆ 500 ಕಿಲೋಜೌಲ್. ತಂಪು ಪೂರ್ತಿ ನಿಂತರೆ 40 ಸೆಕೆಂಡಿಗೆ ಒಂದು ಡಿಗ್ರಿ, ಅಂದರೆ ನಿಮಿಷಕ್ಕೆ ಒಂದೂವರೆ ಡಿಗ್ರಿ ಏರುತ್ತದೆ. ಕೇಳಲು ನಿಧಾನವೇ. ಆದರೆ ಉಷ್ಣತೆ 10 ಡಿಗ್ರಿ ಏರಿದರೆ ಕ್ರಿಯೆಯ ವೇಗ ಸುಮಾರು ಇಮ್ಮಡಿಯಾಗುತ್ತದೆ ಎಂಬುದು ರಸಾಯನಶಾಸ್ತ್ರದ ಹಳೆಯ ಅಂದಾಜು. ವೇಗ ಇಮ್ಮಡಿಯಾದರೆ ಶಾಖವೂ ಇಮ್ಮಡಿ. ಇದನ್ನು ಸೇರಿಸಿ ಲೆಕ್ಕ ಹಾಕಿದರೆ 80ರಿಂದ 90 ಡಿಗ್ರಿಗೆ ಸುಮಾರು 5 ನಿಮಿಷ, 90ರಿಂದ 100ಕ್ಕೆ ಅದರ ಅರ್ಧ, 100ರಿಂದ 110ಕ್ಕೆ ಇನ್ನೂ ಅರ್ಧ. ಹತ್ತು ನಿಮಿಷ ತುಂಬುವುದರೊಳಗೆ ಕೈಮೀರುತ್ತದೆ. ಪಾತ್ರೆಯಲ್ಲಿರುವ ರಾಸಾಯನಿಕ ಮುಗಿಯುತ್ತ ಬಂದಂತೆ ಕ್ರಿಯೆ ತಗ್ಗುವುದರಿಂದ ನಿಜದಲ್ಲಿ ಇಷ್ಟು ಕಡಿದಾಗಿ ಏರದಿರಬಹುದು. ಎಂಜಿನಿಯರುಗಳು ಕೆಟ್ಟದ್ದನ್ನೇ ಲೆಕ್ಕಕ್ಕೆ ಹಿಡಿಯುವುದು ಮಾತ್ರ ಸರಿಯಾದ ಪದ್ಧತಿ.

ಇನ್ನೊಂದು ಸಂಗತಿ ಇದಕ್ಕಿಂತ ಕೆಟ್ಟದ್ದು. ಕಾರ್ಖಾನೆಯಲ್ಲಿ ಗಾಳಿ ತಪ್ಪುವುದು ಅಪರೂಪ. ಆದರೆ 95 ಡಿಗ್ರಿಯ ಸುರಕ್ಷತಾ ವ್ಯವಸ್ಥೆ ತಾನೇ ವಾಲ್ವಿನ ಗಾಳಿಯನ್ನು ಹೊರಬಿಡುತ್ತದಲ್ಲವೇ? ಬೇರೆ ಯಾವುದೋ ಕಾರಣಕ್ಕೆ ಬಿ ರಿಯಾಕ್ಟರ್ ಸ್ವಲ್ಪ ಹೆಚ್ಚು ಬಿಸಿಯಾಯಿತು ಎಂದುಕೊಂಡರೆ, ಅಲ್ಲಿಯವರೆಗೆ ಪೂರ್ತಿ ತೆರೆದು ನೀರು ಹರಿಸುತ್ತಿದ್ದ ವಾಲ್ವನ್ನು ರಕ್ಷಣೆಯ ಹೆಸರಿನಲ್ಲಿ ಆ ವ್ಯವಸ್ಥೆಯೇ ಮುಚ್ಚಿಬಿಡುತ್ತಿತ್ತು. ಗಾಬರಿಗೊಂಡ ಆಪರೇಟರ್ ಕೆಂಪು ಗುಂಡಿ ಒತ್ತಿದರೂ ಅದೇ ಆಗುತ್ತಿತ್ತು. ರಾಸಾಯನಿಕದ ವಾಲ್ವು ಮುಚ್ಚಿದ್ದರಿಂದ ಹೊಸದಾಗಿ ಏನೂ ಸೇರುತ್ತಿರಲಿಲ್ಲ, ನಿಜ. ಆದರೆ ಆಗಲೇ ಒಳಗೆ ಸೇರಿ ಇನ್ನೂ ಕ್ರಿಯೆಗೆ ಬಾರದೆ ಉಳಿದದ್ದು ಶಾಖ ಹುಟ್ಟಿಸುತ್ತಲೇ ಇರುತ್ತಿತ್ತು.

ತಪ್ಪು ಸಿಕ್ಕಿದ ಮೇಲೆ ಅದನ್ನು ಸರಿಪಡಿಸುವುದರಲ್ಲೂ ಒಂದು ಗುಂಡಿಯಿದೆ. ಸ್ಪ್ರಿಂಗನ್ನು ತಿರುಗಿಸಿ ಜೋಡಿಸಲು ಬರುವ ವಾಲ್ವುಗಳಿವೆ, ಬಾರದಿದ್ದರೆ ತಲೆಭಾಗವನ್ನೇ ಬದಲಿಸುತ್ತಾರೆ. ಅಷ್ಟು ಮಾಡಿ ಕೈತೊಳೆದುಕೊಂಡರೆ ಹೊಸ ಅಪಾಯ ಹುಟ್ಟುತ್ತದೆ. ತಪ್ಪು ವಾಲ್ವಿಗೆ ತಕ್ಕಂತೆ ತಿರುಗಿಸಿಟ್ಟಿದ್ದ ಕಂಟ್ರೋಲ್ ಸೆಟ್ಟಿಂಗ್ ಹಾಗೇ ಉಳಿದಿರುತ್ತದೆ. ಈಗ ರಿಯಾಕ್ಟರ್ ಬಿಸಿಯಾದರೆ ಗಾಳಿ ಹೆಚ್ಚುತ್ತದೆ, ಗಾಳಿ ಹೆಚ್ಚಿದರೆ ಸರಿಪಡಿಸಿದ ವಾಲ್ವು ಮುಚ್ಚುತ್ತದೆ, ಮುಚ್ಚಿದಷ್ಟೂ ಇನ್ನಷ್ಟು ಬಿಸಿ. ಆದ್ದರಿಂದ ಸ್ಪ್ರಿಂಗು ಮತ್ತು ಸೆಟ್ಟಿಂಗ್ ಒಟ್ಟಿಗೆ ಬದಲಾಗಬೇಕು, ಬದಲಾದ ಮೇಲೆ ಎರಡು ಬೇರೆ ಬೇರೆ ಪರೀಕ್ಷೆ ಆಗಬೇಕು. ಮೊದಲು, ಉಷ್ಣತೆಯ ಮಾಪಕದ ಜಾಗದಲ್ಲಿ ಕೃತಕ ಸಂಕೇತ ಕೊಟ್ಟು, 80 ಡಿಗ್ರಿ, 85 ಡಿಗ್ರಿ ಎಂದು ಸುಳ್ಳೇ ಏರಿಸುತ್ತ ವಾಲ್ವು ತೆರೆಯುತ್ತ ಹೋಗುವುದನ್ನು ಕಣ್ಣಾರೆ ನೋಡಬೇಕು. ಆಮೇಲೆ ಗಾಳಿ ಬಿಟ್ಟು, ಸ್ಪ್ರಿಂಗು ಅದನ್ನು ಪೂರ್ತಿ ತೆರೆಯುತ್ತದೆಯೇ ನೋಡಬೇಕು. ಕಥೆಯ ಕಾರ್ಖಾನೆಯಲ್ಲಿ ಇದಕ್ಕೆಲ್ಲ ಒಂದು ಪಾಳಿ ಹಿಡಿಯಿತು. ಅದೇ ದಿನ ನಕಲು ಮಾಡಿದ ಬೇರೆ ಚಿಹ್ನೆಗಳು ಎಲ್ಲೆಲ್ಲಿ ಅಂಟಿಕೊಂಡಿವೆ ಎಂದು ಹುಡುಕಲು ಇನ್ನೂ ಸ್ವಲ್ಪ ಹೊತ್ತು ಬೇಕಾಯಿತು.

ಇಲ್ಲಿಯವರೆಗಿನದು ಕಟ್ಟಿದ ಕಥೆ. ಘಟಕ ಶುರುವಾಗುವ ಹೊಸ್ತಿಲಲ್ಲಿ ಎಂಜಿನಿಯರ್ ಒಬ್ಬರು ನಕ್ಷೆಯೊಂದು ತಿರುಗುಮುರುಗಾಗಿರುವುದನ್ನು ಕಂಡ ಘಟನೆ ವಾಸ್ತವದಲ್ಲೂ ನಡೆದಿದೆ. ಅಮೆರಿಕದ ಕ್ಯಾಲಿಫೋರ್ನಿಯಾದ ಕಡಲತೀರದಲ್ಲಿ ಡಯಾಬ್ಲೊ ಕ್ಯಾನ್ಯನ್ ಎಂಬ ಅಣು ವಿದ್ಯುತ್ ಸ್ಥಾವರವಿದೆ. ಅಲ್ಲಿಯೂ ಅವಳಿ ಘಟಕಗಳು. ಆದರೆ ಎರಡನೆಯದು ಮೊದಲನೆಯದರ ಪ್ರತಿ ಅಲ್ಲ, ಕನ್ನಡಿಯಲ್ಲಿ ಕಂಡ ಪ್ರತಿಬಿಂಬ. ಒಂದರಲ್ಲಿ ಎಡಕ್ಕಿರುವುದು ಇನ್ನೊಂದರಲ್ಲಿ ಬಲಕ್ಕೆ. ಕಟ್ಟಡ ಮೇಲೇಳುತ್ತಿದ್ದಾಗ ಹತ್ತಿರದ ಸಮುದ್ರದಡಿ ಹಾಸ್ಗ್ರಿ ಎಂಬ ಭೂಕಂಪದ ಬಿರುಕು ಇರುವುದು ಗೊತ್ತಾಯಿತು. 7.5 ತೀವ್ರತೆಯ ಕಂಪನವನ್ನು ಸ್ಥಾವರ ತಾಳಬೇಕು ಎಂದು ಹೊಸದಾಗಿ ಲೆಕ್ಕ ಹಾಕಿ, ಪೈಪುಗಳಿಗೆ ಹೆಚ್ಚಿನ ಆಧಾರಗಳನ್ನು ಕೊಡಬೇಕಾಯಿತು. ಲೆಕ್ಕ ಹಾಕಲು ಹೊರಗಿನ ತಜ್ಞ ಸಂಸ್ಥೆಗೆ ನಕ್ಷೆಗಳನ್ನು ಕಳಿಸುವಾಗ ಮೊದಲನೆಯ ಘಟಕಕ್ಕೆ ಎರಡನೆಯ ಘಟಕದ ನಕ್ಷೆ ಬಳಕೆಯಾಯಿತು.

1981ರ ಸೆಪ್ಟೆಂಬರಿನಲ್ಲಿ ಮೊದಲನೆಯ ಘಟಕಕ್ಕೆ ಕಡಿಮೆ ಶಕ್ತಿಯಲ್ಲಿ ಪರೀಕ್ಷೆ ನಡೆಸಲು ಪರವಾನಗಿ ಸಿಕ್ಕಿತು. ಹೊರಗೆ ಸಾವಿರಾರು ಜನ ವಿರೋಧಿಸಿ ಕೂತಿದ್ದರು. ಅದಾದ ಕೆಲವೇ ದಿನಗಳಲ್ಲಿ, ಕಂಪನಿಯದೇ ಯುವ ಎಂಜಿನಿಯರ್ ಒಬ್ಬರು ಹಾಳೆಗಳನ್ನು ಹೋಲಿಸುವಾಗ ಎಡಬಲ ಅದಲುಬದಲಾಗಿರುವುದನ್ನು ಗಮನಿಸಿದರು. ರಿಯಾಕ್ಟರ್ ಕಟ್ಟಡದ ಒಳವಲಯದಲ್ಲಿ, ಪೈಪುಗಳ ಕೆಲವು ಆಧಾರಗಳ ಲೆಕ್ಕ ಇರಬೇಕಾದ ಜಾಗಕ್ಕೆ ಬದಲು ಅದರ ಪ್ರತಿಬಿಂಬದ ಜಾಗಕ್ಕೆ ಸಂದಿತ್ತು. ಕಂಪನಿ ತಪ್ಪನ್ನು ತಾನೇ ಅಣುಶಕ್ತಿ ನಿಯಂತ್ರಣ ಆಯೋಗಕ್ಕೆ ತಿಳಿಸಿತು. ಇನ್ನಷ್ಟು ಹುಡುಕಿದಾಗ ಬೇರೆ ತಪ್ಪುಗಳೂ ಬಂದವು. 1981ರ ನವೆಂಬರ್ 19ರಂದು ಆಯೋಗ ಪರವಾನಗಿಯನ್ನು ಅಮಾನತು ಮಾಡಿತು. ವಿನ್ಯಾಸವನ್ನೆಲ್ಲ ಹೊರಗಿನವರಿಂದ ಮತ್ತೆ ಪರಿಶೀಲಿಸಿ, ತಿದ್ದಿ, ಮೊದಲ ಘಟಕ ವಾಣಿಜ್ಯ ಉತ್ಪಾದನೆ ಶುರು ಮಾಡಿದ್ದು 1985ರ ಮೇ ತಿಂಗಳಲ್ಲಿ.

ಈ ಘಟನೆಯಲ್ಲಿ ಗಮನಿಸಬೇಕಾದ್ದು, ಗಣಿತ ಕೂಡಿದ್ದರಲ್ಲಿ ತಪ್ಪಿರಲಿಲ್ಲ ಎಂಬುದು. ತಮ್ಮ ಕೈಗೆ ಬಂದ ನಕ್ಷೆಗೆ ಲೆಕ್ಕದವರು ತಕ್ಕ ಉತ್ತರವನ್ನೇ ಕೊಟ್ಟಿದ್ದರು. ಆ ಲೆಕ್ಕವನ್ನು ಹತ್ತು ಸಲ ಪರಿಶೀಲಿಸಿದರೂ ತಪ್ಪು ಸಿಗುತ್ತಿರಲಿಲ್ಲ. ದಿಕ್ಕಿನ ತಪ್ಪಿನ ಲಕ್ಷಣ ಇದು: ಅದರೊಳಗೆ ಕೂತು ನೋಡಿದರೆ ಎಲ್ಲವೂ ಸರಿಯಾಗಿಯೇ ಕಾಣುತ್ತದೆ. ಹೊರಗಿನ ಇನ್ನೊಂದು ಹಾಳೆಯನ್ನೋ, ಕಟ್ಟಿದ ಕಟ್ಟಡವನ್ನೋ ಪಕ್ಕದಲ್ಲಿಟ್ಟುಕೊಂಡು ನೋಡಿದಾಗ ಮಾತ್ರ ಅದು ಬಯಲಾಗುತ್ತದೆ.

ಯಾರೂ ಗಮನಿಸದೆ ಹೋದ ದಿಕ್ಕಿನ ತಪ್ಪೊಂದು ಏನು ಮಾಡಿತು ಎಂಬುದಕ್ಕೆ 1989ರ ಅಕ್ಟೋಬರ್ 23ರ ಮಧ್ಯಾಹ್ನ ಸಾಕ್ಷಿ. ಅಮೆರಿಕದ ಟೆಕ್ಸಾಸ್ ರಾಜ್ಯದ ಪ್ಯಾಸಡೀನಾದಲ್ಲಿ ಫಿಲಿಪ್ಸ್ ಕಂಪನಿಯ ಪಾಲಿಥೀನ್ ಕಾರ್ಖಾನೆಯಿತ್ತು. ಅಲ್ಲಿನ ರಿಯಾಕ್ಟರಿನ ಕೆಳಭಾಗದ ಕಾಲುಗಳಂಥ ಕೊಳವೆಗಳಲ್ಲಿ ಪ್ಲಾಸ್ಟಿಕ್ ಕಟ್ಟಿಕೊಳ್ಳುತ್ತಿತ್ತು. ರಿಯಾಕ್ಟರನ್ನು ನಿಲ್ಲಿಸದೆಯೇ, ನಡುವಿನ ವಾಲ್ವನ್ನು ಮುಚ್ಚಿ ಕೊಳವೆ ಬಿಚ್ಚಿ ಅದನ್ನು ತೆಗೆಯುವುದು ರೂಢಿ. ಆ ವಾಲ್ವು ಸ್ಪ್ರಿಂಗಿನದಲ್ಲ. ತೆರೆಯಲು ಒಂದು ಗಾಳಿಯ ಹೋಸ್, ಮುಚ್ಚಲು ಇನ್ನೊಂದು. ಕೆಲಸದ ಹೊತ್ತಿಗೆ ಎರಡನ್ನೂ ಕಿತ್ತಿಡಬೇಕೆಂದು ನಿಯಮವಿತ್ತು. ದುರಂತದ ನಂತರ ತನಿಖೆಯವರಿಗೆ ಕಂಡದ್ದು ಬೇರೆ: ಹೋಸುಗಳು ಜೋಡಿಸಿಯೇ ಇದ್ದವು, ಅದೂ ಅದಲುಬದಲಾಗಿ. ‘ಮುಚ್ಚು’ ಎಂಬ ಕಡೆಗೆ ಸ್ವಿಚ್ ತಿರುಗಿಸಿದರೆ ವಾಲ್ವು ತೆರೆಯುತ್ತಿತ್ತು.

ಕೊಳವೆ ಬಿಚ್ಚಿದ್ದಾಗ ವಾಲ್ವು ತೆರೆದೇ ಇತ್ತು. ಸುಮಾರು 39 ಟನ್ ಸುಡುವ ಅನಿಲ ಕೆಲವೇ ಸೆಕೆಂಡುಗಳಲ್ಲಿ ಹೊರಗೆ ಬಂದು ಮೋಡದಂತೆ ಹರಡಿತು. ಎರಡು ನಿಮಿಷದೊಳಗೆ ಕಿಡಿ ತಗುಲಿ ಸಿಡಿಯಿತು. ಇಪ್ಪತ್ತಮೂರು ಮಂದಿ ಸತ್ತರು, ನೂರಕ್ಕೂ ಹೆಚ್ಚು ಮಂದಿ ಗಾಯಗೊಂಡರು. ಎರಡು ಹೋಸುಗಳ ಜೋಡಣೆಯ ತುದಿಗಳು ಒಂದೇ ಥರ ಇದ್ದುದೇ ಅದಲುಬದಲಿಗೆ ದಾರಿ ಮಾಡಿತ್ತು. ತುದಿಗಳು ಬೇರೆ ಬೇರೆ ಅಳತೆಯವಾಗಿದ್ದರೆ ತಪ್ಪು ಹೋಸು ಕೂರುತ್ತಲೇ ಇರಲಿಲ್ಲ. ಇನ್ನೊಂದು ಕಾರಣ ಅದಕ್ಕಿಂತ ದೊಡ್ಡದು. ಅಷ್ಟೊಂದು ಅನಿಲವನ್ನು ಒಂದೇ ಒಂದು ವಾಲ್ವು ತಡೆದಿಟ್ಟುಕೊಂಡಿತ್ತು. ಎರಡನೆಯ ವಾಲ್ವೋ, ಬೋಲ್ಟ್ ಹಾಕಿ ಬಿಗಿದ ಕುರುಡು ತಟ್ಟೆಯೋ ಇದ್ದಿದ್ದರೆ ಹೋಸುಗಳ ಅದಲುಬದಲು ಒಂದು ಸಣ್ಣ ಗಲಿಬಿಲಿಯಾಗಿ ಮುಗಿಯುತ್ತಿತ್ತು.

ಈ ದುರಂತವೂ ಅದಕ್ಕೆ ಮುಂಚೆ 1984ರಲ್ಲಿ ಭೋಪಾಲದಲ್ಲಿ ನಡೆದದ್ದೂ ಸೇರಿ ಅಮೆರಿಕದಲ್ಲಿ 1992ರ ನಿಯಮಾವಳಿಗೆ ಕಾರಣವಾದವು. ಅಪಾಯಕಾರಿ ರಾಸಾಯನಿಕ ಬಳಸುವ ಹೊಸ ಘಟಕವನ್ನು ಅಥವಾ ಗಣನೀಯವಾಗಿ ಬದಲಿಸಿದ ಘಟಕವನ್ನು ಶುರು ಮಾಡುವ ಮುನ್ನ ಸುರಕ್ಷತಾ ಪರಿಶೀಲನೆ ಆಗಲೇಬೇಕು ಎಂದು ಅದು ಹೇಳುತ್ತದೆ. ಪಿಎಸ್‌ಎಸ್‌ಆರ್ ಎಂಬ ಹೆಸರಿನಲ್ಲಿ ಭಾರತದ ತೈಲಾಗಾರಗಳಲ್ಲೂ ರಾಸಾಯನಿಕ ಕಾರ್ಖಾನೆಗಳಲ್ಲೂ ಈ ಪರಿಶೀಲನೆ ಪರಿಚಿತ. ಕಟ್ಟಿದ್ದು ವಿನ್ಯಾಸದಂತಿದೆಯೇ, ಓಡಿಸುವ ವಿಧಾನವನ್ನು ಬರೆದಿಟ್ಟಿದೆಯೇ, ಅಪಾಯಗಳ ಅಧ್ಯಯನದಲ್ಲಿ ಸೂಚಿಸಿದ್ದನ್ನು ಮಾಡಿ ಮುಗಿಸಿದೆಯೇ, ಕೆಲಸಗಾರರಿಗೆ ತರಬೇತಿ ಆಗಿದೆಯೇ ಎಂಬುದು ಅದರ ತಿರುಳು.

ಪಟ್ಟಿ ಹಿಡಿದು ಟಿಕ್ ಹಾಕುತ್ತ ಹೋದರೆ ಮೊದಲನೆಯ ಪ್ರಶ್ನೆ ಕುಗ್ಗಿ ‘ನಕ್ಷೆಯಲ್ಲಿರುವಂತೆ ಇದೆಯೇ?’ ಎಂದಾಗಿಬಿಡುತ್ತದೆ. ಕಥೆಯ ಕಾರ್ಖಾನೆಯಲ್ಲಿ ಆ ಪ್ರಶ್ನೆಗೆ ಉತ್ತರ ‘ಹೌದು’ ಎಂದಿತ್ತು. ತಪ್ಪನ್ನು ಹೊರಗೆಳೆದದ್ದು ಮೂರನೆಯ ಪ್ರಶ್ನೆ, ಹ್ಯಾಜಾಪ್ ಕಡತದಲ್ಲಿ ‘ರಕ್ಷಣೆ’ ಎಂದು ಬರೆದದ್ದು ಈಗಲೂ ನಿಜವಾಗಿ ಇದೆಯೇ ಎಂಬುದು. ಆ ಕಡತವನ್ನು ತೆರೆದು, ಬದಲಾದ ವಾಲ್ವಿನ ಹೆಸರು ಬರುವ ಪ್ರತಿಯೊಂದು ಸಾಲನ್ನೂ ಹುಡುಕಿ ಓದುವುದು ಬೇಸರದ ಕೆಲಸ. ಆದರೆ ಸಾಲುಗಳು ಹೆಚ್ಚಿರುವುದಿಲ್ಲ. ಒಂದು ವಾಲ್ವಿಗೆ ನಾಲ್ಕೋ ಐದೋ ಇದ್ದಾವು.

ಬಾಣ ಸರಿಯಾಗಿದ್ದರೂ ಅದು ಹೇಳದ ಸಂಗತಿಗಳಿವೆ. ತಣ್ಣೀರಿನ ಪಂಪೇ ನಿಂತರೆ ತೆರೆದ ವಾಲ್ವಿನಿಂದ ಪ್ರಯೋಜನವಿಲ್ಲ. ವಿದ್ಯುತ್ ಹೋದಾಗ ಪಂಪೂ ಗಾಳಿಯ ಕಂಪ್ರೆಸರೂ ಒಟ್ಟಿಗೆ ನಿಲ್ಲುವ ಕಾರ್ಖಾನೆಗಳಲ್ಲಿ ಬೇರೆ ಏರ್ಪಾಡು, ಎತ್ತರದ ತೊಟ್ಟಿಯಿಂದ ತಾನಾಗಿ ಇಳಿಯುವ ನೀರಿನಂಥದ್ದು, ಬೇಕಾಗುತ್ತದೆ. ಕೆಲವು ವಾಲ್ವುಗಳಿಗೆ ತೆರೆಯುವುದೂ ಅಪಾಯ, ಮುಚ್ಚುವುದೂ ಅಪಾಯ. ಅವು ಇದ್ದಲ್ಲೇ ನಿಲ್ಲುವಂತೆ ಮಾಡಿರುತ್ತಾರೆ, ಅದಕ್ಕೆ ಬೇರೆ ಗುರುತು. ಇನ್ನು ಸ್ಪ್ರಿಂಗಿನ ವಿಷಯ. ನಕ್ಷೆಯ ಬಾಣ ಹಳತಾಗುವುದಿಲ್ಲ, ಸ್ಪ್ರಿಂಗು ಹಳತಾಗುತ್ತದೆ. ವರ್ಷಗಟ್ಟಲೆ ಒಂದೇ ಸ್ಥಿತಿಯಲ್ಲಿ ನಿಂತ ಕಡ್ಡಿಯ ಸುತ್ತ ಪ್ಯಾಕಿಂಗ್ ಬಿಗಿಯಾಗುತ್ತದೆ, ನೀರಿನ ಉಪ್ಪು ಕಟ್ಟಿಕೊಳ್ಳುತ್ತದೆ. ಗಾಳಿ ಬಿಟ್ಟಾಗ ಅದು ಅರ್ಧ ದೂರ ಸರಿದು ನಿಂತುಬಿಡಬಹುದು. ಅದಕ್ಕೇ ಪ್ರತಿ ಶಟ್‌ಡೌನಿನಲ್ಲೂ ಗಾಳಿ ಬಿಟ್ಟು ನೋಡುವವರು ವಾಲ್ವು ಯಾವ ಕಡೆಗೆ ಹೋಯಿತು ಎಂಬುದರ ಜೊತೆಗೆ, ಪೂರ್ತಿ ಹೋಗಲು ಎಷ್ಟು ಸೆಕೆಂಡು ಹಿಡಿಯಿತು ಎಂಬುದನ್ನೂ ಗುರುತು ಹಾಕಿಕೊಳ್ಳುತ್ತಾರೆ. ಹೋದ ಸಲ 4 ಸೆಕೆಂಡು ಇದ್ದದ್ದು ಈ ಸಲ 9 ಆಗಿದ್ದರೆ, ಘಟಕ ಶುರುವಾಗುವ ಮುನ್ನವೇ ಆ ವಾಲ್ವನ್ನು ಬಿಚ್ಚುತ್ತಾರೆ.